ಮೂರು ವಾರದ ಲೆಕ್ಕವನ್ನು ನಂಬಬೇಡಿ

ಪ್ರಶ್ನೆ: ನಮ್ಮ ತಂತ್ರಾಂಶದ ಕಳೆದ ಬಿಡುಗಡೆಯಲ್ಲಿ ಎಸ್ಕೇಪ್ ರೇಟ್ ಶೇ 15 ಇತ್ತು. ಹೊಸ ಬಿಡುಗಡೆಯಾಗಿ ಮೂರು ವಾರವಾಗಿದೆ, ಈಗ ಶೇ 6. ನಮ್ಮ ಟೆಸ್ಟಿಂಗ್ ಸುಧಾರಿಸಿದೆ ಎನ್ನಬಹುದೇ?

ಎನ್ನಬಾರದು. ಎಸ್ಕೇಪ್ ರೇಟ್ ಎಂದರೆ ಸಿಕ್ಕ ಒಟ್ಟು ದೋಷಗಳಲ್ಲಿ ಟೆಸ್ಟಿಂಗ್‌ನಿಂದ ತಪ್ಪಿಸಿಕೊಂಡು ಬಳಕೆದಾರರ ಕೈಗೆ ಸಿಕ್ಕವುಗಳ ಪಾಲು. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಬಿಡುಗಡೆಯ ಬಿಸಿ ಆರುವ ಮೊದಲೇ ಬರುತ್ತದೆ. ಬಳಕೆದಾರರು ಎಲ್ಲ ಬಗ್‌ಗಳನ್ನೂ ಮೂರು ವಾರದಲ್ಲಿ ಹುಡುಕಿಕೊಡುವುದಿಲ್ಲ. ತಿಂಗಳ ಕೊನೆಯ ವರದಿ ತೆಗೆದಾಗ ಕೆಲವು ಸಿಗುತ್ತವೆ, ಮಾರ್ಚ್ 31ರ ಲೆಕ್ಕ ಮುಗಿಸುವಾಗ ಇನ್ನು ಕೆಲವು. ಹಳೆಯದರ ಆರು ತಿಂಗಳ ದೂರನ್ನು ಹೊಸದರ ಮೂರು ವಾರದ ದೂರಿನ ಎದುರು ಇಟ್ಟು ತೂಗಿದರೆ ಹೊಸದೇ ಚೆನ್ನಾಗಿ ಕಾಣುತ್ತದೆ. ಎರಡಕ್ಕೂ ಒಂದೇ ಅವಧಿ ಇಡಿ. ನಾನು 90 ದಿನ ಇಡುತ್ತೇನೆ. ಪ್ರತಿ ದೋಷವನ್ನೂ ಅದು ಯಾವ ಬಿಡುಗಡೆಯಲ್ಲಿ ಹುಟ್ಟಿತೋ ಆ ಬಿಡುಗಡೆಯ ಖಾತೆಗೆ ಬರೆಯಿರಿ, ದೂರು ಬಂದ ತಿಂಗಳಿನ ಖಾತೆಗಲ್ಲ.

ಅಷ್ಟು ಮಾಡಿದರೂ ಶೇಕಡಾವಾರು ಅಂಕಿ ನಿಮಗೆ ಹೆಚ್ಚೇನೂ ಹೇಳುವುದಿಲ್ಲ. ತಪ್ಪಿಸಿಕೊಂಡ ಒಂದೊಂದು ದೋಷವೂ ಯಾವ ಕಿಂಡಿಯಿಂದ ಹೊರಬಿತ್ತು ಎಂದು ನೋಡಬೇಕು. ಆಸ್ಪತ್ರೆಯೊಂದರ ಬಿಲ್ಲಿಂಗ್ ತಂತ್ರಾಂಶದಲ್ಲಿ ನಾನು ಮಾಡಿದ್ದನ್ನು ಹೇಳುತ್ತೇನೆ. ಫೆಬ್ರುವರಿಯ ಬಿಡುಗಡೆಗೆ 90 ದಿನಗಳಲ್ಲಿ 24 ದೂರು ಬಂದವು. ಅವುಗಳಲ್ಲಿ ನಾಲ್ಕು ಹೊಸ ಸೌಲಭ್ಯದ ಬೇಡಿಕೆ, ಎರಡು ಒಂದೇ ದೂರಿನ ಪುನರಾವರ್ತನೆ. ಉಳಿದದ್ದು 18. ಟೆಸ್ಟಿಂಗ್‌ನಲ್ಲಿ ಸಿಕ್ಕಿದ್ದು 102. ಅಂದರೆ 120ರಲ್ಲಿ 18, ಶೇ 15.

ಆ ಹದಿನೆಂಟನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ಕೇಳಿದೆವು: ಇದು ಅಗತ್ಯಪಟ್ಟಿಯಲ್ಲಿ ಇತ್ತೇ? ಇದ್ದರೆ ಟೆಸ್ಟ್ ಕೇಸ್ ಬರೆದಿದ್ದರೇ? ಬರೆದಿದ್ದರೆ ಓಡಿಸಿದ್ದರೇ? ಓಡಿಸಿದ್ದರೆ ಹೇಗೆ ಪಾಸಾಯಿತು? ಮೂರು ಅಗತ್ಯಪಟ್ಟಿಯಲ್ಲೇ ಇರಲಿಲ್ಲ. ನಾಲ್ಕಕ್ಕೆ ಕೇಸ್ ಬರೆದಿರಲಿಲ್ಲ. ಎರಡನ್ನು ಸಮಯ ಸಾಲದೆ ಓಡಿಸಿರಲಿಲ್ಲ. ಉಳಿದ ಒಂಬತ್ತಕ್ಕೆ ಕೇಸ್ ಇತ್ತು, ಓಡಿಸಿಯೂ ಇದ್ದರು, ಪಾಸೂ ಆಗಿತ್ತು. ನನ್ನ ನಿದ್ದೆಗೆಡಿಸಿದ್ದು ಈ ಒಂಬತ್ತು.

ಅವುಗಳಲ್ಲೊಂದು ಔಷಧಿ ವಾಪಸಾತಿ. ಮಾರ್ಚ್ 29ರಂದು ಕೊಂಡ ಮಾತ್ರೆಗಳನ್ನು ಒಬ್ಬರು ಏಪ್ರಿಲ್ 2ರಂದು ಹಿಂದಿರುಗಿಸಲು ಬಂದರು. ಆ ಆಸ್ಪತ್ರೆಯಲ್ಲಿ ಬಿಲ್ ಸಂಖ್ಯೆ ಪ್ರತಿ ಏಪ್ರಿಲ್ 1ಕ್ಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ತಂತ್ರಾಂಶ ಹಳೆಯ ಸಂಖ್ಯೆಯನ್ನು ಹೊಸ ವರ್ಷದ ಬಿಲ್‌ಗಳಲ್ಲಿ ಮಾತ್ರ ಹುಡುಕಿ, ಅಂಥ ಬಿಲ್ಲೇ ಇಲ್ಲ ಎಂದಿತು. ವಾಪಸಾತಿಯ ಟೆಸ್ಟ್ ಕೇಸ್‌ನಲ್ಲಿ ತಪ್ಪಿರಲಿಲ್ಲ. ಆದರೆ ಟೆಸ್ಟ್ ಡೇಟಾಬೇಸಿನಲ್ಲಿದ್ದ ಬಿಲ್‌ಗಳೆಲ್ಲ ಒಂದೇ ಜೂನ್ ತಿಂಗಳಿನವು. ಆರ್ಥಿಕ ವರ್ಷ ದಾಟುವ ಬಿಲ್ ಅಲ್ಲಿ ಒಂದೂ ಇರಲಿಲ್ಲ. ಒಂಬತ್ತರಲ್ಲಿ ಏಳರ ಮೂಲ ಈ ಬಡಕಲು ಡೇಟಾ.

ಆಗ ವ್ಯವಸ್ಥಾಪಕರು ಇನ್ನೂರು ಟೆಸ್ಟ್ ಕೇಸ್ ಹೆಚ್ಚಿಸೋಣ ಎಂದರು. ಅದೇ ಡೇಟಾದ ಮೇಲೆ ಇನ್ನೂರಲ್ಲ, ಎರಡು ಸಾವಿರ ಓಡಿಸಿದರೂ ಈ ಏಳು ಸಿಗುತ್ತಿರಲಿಲ್ಲ. ನಾವು ಡೇಟಾ ಬದಲಿಸಿದೆವು: ಮಾರ್ಚ್ 31ರ ಆಚೀಚೆಯ ಬಿಲ್‌ಗಳು, ಒಂದೇ ಹೆಸರಿನ ಇಬ್ಬರು ರೋಗಿಗಳು, ಎರಡು ಪುಟ ದಾಟುವ ಬಿಲ್. ಮುಂದಿನ ಬಿಡುಗಡೆಯಲ್ಲಿ, ಅದೇ 90 ದಿನಗಳ ಲೆಕ್ಕದಲ್ಲಿ, 107ರಲ್ಲಿ 11 ತಪ್ಪಿಸಿಕೊಂಡವು. ಶೇ 10ರ ಆಸುಪಾಸು. ಡೇಟಾದ ಗುಂಪು ಏಳರಿಂದ ಒಂದಕ್ಕೆ ಇಳಿದಿತ್ತು. ಕೇಸ್ ಬರೆಯದ ಗುಂಪು ಮಾತ್ರ ನಾಲ್ಕರಲ್ಲೇ ನಿಂತಿತ್ತು. ಕೇಸ್‌ಗಳನ್ನು ಪರದೆ ನೋಡಿ ಬರೆಯುತ್ತಿದ್ದರೇ ಹೊರತು, ಯಾರೂ ಔಷಧಿ ಕೌಂಟರಿನಲ್ಲಿ ಒಂದು ದಿನ ಕುಳಿತಿರಲಿಲ್ಲ. ಮುಂದೆ ಕೈಹಾಕಬೇಕಾದದ್ದು ಅಲ್ಲಿ ಎಂದು ತಿಳಿಯಿತು.

ಹಾಗಾಗಿ ನಿಮ್ಮ ಶೇ 6 ಅನ್ನು ಯಾರಿಗೂ ಕಳುಹಿಸಬೇಡಿ. 90 ದಿನ ಕಾಯಿರಿ, ಈ ನಾಲ್ಕು ಪ್ರಶ್ನೆ ಕೇಳಿ, ಬಳಿಕ ನೋಡಿ.

ಪ್ರಶ್ನೆ: ಟೆಸ್ಟರ್‌ಗಳ ಇನ್‌ಕ್ರಿಮೆಂಟನ್ನು ಈ ದರಕ್ಕೆ ಜೋಡಿಸಬಹುದೇ?

ಖಂಡಿತ ಬೇಡ. ಕಾಗುಣಿತದ ತಪ್ಪನ್ನೆಲ್ಲ ಬಗ್ ಎಂದು ದಾಖಲಿಸಿ ಛೇದ ಉಬ್ಬಿಸುತ್ತಾರೆ. ದರ ಇಳಿಯುತ್ತದೆ, ಗಂಭೀರ ದೋಷಗಳು ಇದ್ದಲ್ಲೇ ಇರುತ್ತವೆ.

ಪ್ರಶ್ನೆ: ಒಬ್ಬ ಸಲಹೆಗಾರರು ಆರು ತಿಂಗಳಲ್ಲಿ ಸೊನ್ನೆಗೆ ಇಳಿಸುತ್ತೇವೆ ಎನ್ನುತ್ತಾರೆ. ಒಪ್ಪಿಕೊಳ್ಳಲೇ?

ಒಪ್ಪಬೇಡಿ. ದೂರು ದಾಖಲಿಸುವುದನ್ನು ನಿಲ್ಲಿಸಿದ ತಂಡಗಳಲ್ಲಿ ಮಾತ್ರ ನಾನು ಆ ಸೊನ್ನೆಯನ್ನು ಕಂಡಿದ್ದೇನೆ.