ಪೂರ್ತಿ ಹಣ ವಾಪಸ್ ಕೊಡಿ ಎಂದ ಗ್ರಾಹಕರು: ಕಲಬುರಗಿಯ ಒಬ್ಬ ಮದುವೆ ಛಾಯಾಗ್ರಾಹಕನ ಪ್ರಕರಣ

ಈ ಪ್ರಕರಣವನ್ನು ಎರಡೂ ಕಡೆಯವರ ಒಪ್ಪಿಗೆಯಿಂದ ಬರೆಯುತ್ತಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಹಣದ ಲೆಕ್ಕವನ್ನು ಇದ್ದ ಹಾಗೆಯೇ ಉಳಿಸಿದ್ದೇನೆ.

ಕಲಬುರಗಿಯಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡಿರುವ, ಮೂವತ್ತರ ಆಸುಪಾಸಿನ ಈ ಯುವಕ ನನ್ನಲ್ಲಿಗೆ ಬಂದಾಗ ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ. ಒಂದು ಮದುವೆಯ ಫೋಟೋ, ವಿಡಿಯೋ ಮತ್ತು ಆಲ್ಬಮ್ ಸೇರಿ 90,000 ರೂಪಾಯಿಗೆ ಕೆಲಸ ಒಪ್ಪಿಕೊಂಡಿದ್ದ. ಮುಂಗಡ 30,000, ಮದುವೆಯ ದಿನ 40,000, ಆಲ್ಬಮ್ ಕೊಟ್ಟಾಗ ಉಳಿದ 20,000 ಬಂದಿತ್ತು. ಆಲ್ಬಮ್ ತಲುಪಿಸಿದ ಹನ್ನೊಂದನೆಯ ದಿನ ಹುಡುಗಿಯ ತಂದೆ ವಾಟ್ಸ್ಯಾಪ್‌ನಲ್ಲಿ ಹೀಗೆ ಬರೆದರು: "ತಮ್ಮಾ, ಫೋಟೋ ಕಪ್ಪಗಾಗ್ಯಾವ, ವಿಡಿಯೋದಾಗ ಗೆರಿ ಬರ್ತಾವ, ಸುರಗಿ ಫೋಟೋನೇ ಇಲ್ಲ. ಕ್ವಾಲಿಟಿ ಇಲ್ಲ. ಪೂರ್ತಿ ರೊಕ್ಕ ವಾಪಸ್ ಕೊಡು. ಇಲ್ಲಂದ್ರ ಎಲ್ಲಾ ಗ್ರೂಪಿನಾಗ ಹಾಕ್ತೀನಿ."

ಅವನ ಫೋನಿನಲ್ಲಿ ಕಳುಹಿಸದೆ ಉಳಿಸಿದ್ದ ಎರಡು ಉತ್ತರಗಳಿದ್ದವು. ಒಂದರಲ್ಲಿ, ಡಿಸೈನ್ ನೋಡಿ ಒಪ್ಪಿದವರು ನೀವೇ, ಪ್ರಿಂಟಾದ ಮೇಲೆ ಒಂದು ರೂಪಾಯಿಯೂ ಹಿಂತಿರುಗಿಸುವುದಿಲ್ಲ ಎಂದು ಬರೆದಿದ್ದ. ಇನ್ನೊಂದರಲ್ಲಿ, ಕ್ಷಮೆ ಕೇಳಿ, ಹೆಂಡತಿಯ ಸ್ವಸಹಾಯ ಸಂಘದಿಂದ ಸಾಲ ತೆಗೆದಾದರೂ 90,000 ಕೊಡುತ್ತೇನೆ ಎಂದಿದ್ದ. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವಾಗಿದ್ದರೂ ಎರಡರ ಮೂಲವೂ ಒಂದೇ ಎಂದು ನನಗನಿಸಿತು: ಎದೆಯ ಮೇಲಿನ ಭಾರವನ್ನು ಇಂದು ರಾತ್ರಿಯೇ ಇಳಿಸಿಬಿಡಬೇಕೆಂಬ ಆತುರ. ಯಾವುದನ್ನು ಕಳುಹಿಸಿದ್ದರೂ ಗ್ರಾಹಕರು ಹೇಳಿದ್ದರಲ್ಲಿ ಎಷ್ಟು ನಿಜ ಎಂಬುದನ್ನು ಯಾರೂ ನೋಡುತ್ತಿರಲಿಲ್ಲ. ಆದ್ದರಿಂದ ಎರಡನ್ನೂ ಅಳಿಸಿ, ಹೀಗಷ್ಟೇ ಬರೆಯಲು ಹೇಳಿದೆ: "ಕಾಕಾ, ನಿಮ್ಮ ಮೆಸೇಜ್ ನೋಡಿದೆ. ಮೂರೂ ಮಾತನ್ನು ನಾನೇ ಕುಳಿತು ಪರೀಕ್ಷಿಸಿ, ಬರುವ ಭಾನುವಾರದೊಳಗೆ ಒಂದೊಂದಕ್ಕೂ ಉತ್ತರ ಕೊಡ್ತೀನಿ. ಯಾವ ಪುಟ, ವಿಡಿಯೋದಲ್ಲಿ ಎಷ್ಟನೇ ನಿಮಿಷ ಅಂತ ತಿಳಿಸಿದರೆ ನನಗೆ ಅನುಕೂಲ." ಇದರಲ್ಲಿ ತಪ್ಪೊಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ, ದಿನಾಂಕ ಮಾತ್ರ ಇದೆ. ದೂರು ಕೊಟ್ಟವರಿಗೆ ಮೊದಲು ಬೇಕಾಗುವುದು ತಮ್ಮ ಮಾತು ತಲುಪಿತು ಎಂಬ ಖಾತ್ರಿ. ಅದು ತಡವಾದಷ್ಟೂ "ಪೂರ್ತಿ ರೊಕ್ಕ" ಎಂಬ ಮಾತು ಗಟ್ಟಿಯಾಗುತ್ತದೆ.

ಮುಂದಿನ ಭೇಟಿಗೆ ಲ್ಯಾಪ್‌ಟಾಪ್, ಕೊಟೇಶನ್ ಮತ್ತು ಆಲ್ಬಮ್ ತರಲು ಹೇಳಿದ್ದೆ. ಪರೀಕ್ಷಿಸಲು ಬೇಕೆಂದು ಕೇಳಿದಾಗ ಗ್ರಾಹಕರು ಆಲ್ಬಮ್ ಅನ್ನು ತಕರಾರಿಲ್ಲದೆ ಕೊಟ್ಟಿದ್ದರು. "ಕ್ವಾಲಿಟಿ ಇಲ್ಲ" ಎಂಬ ಒಂದು ಮಾತಿಗೆ ಉತ್ತರ ಕೊಡಲು ಬರುವುದಿಲ್ಲ, ಮೂರು ಬೇರೆ ಬೇರೆ ದೂರುಗಳಿಗೆ ಬರುತ್ತದೆ. ಆದ್ದರಿಂದ ಒಂದೊಂದನ್ನೇ ಎತ್ತಿಕೊಂಡೆವು.

ಆಲ್ಬಮ್ ಅನ್ನು ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ತೆರೆದು, ಅದೇ ಚಿತ್ರಗಳನ್ನು ಪಕ್ಕದಲ್ಲಿ ಲ್ಯಾಪ್‌ಟಾಪ್ ಮೇಲೆ ಇಟ್ಟೆವು. ಪರದೆಯ ಮೇಲೆ ಮುಖಗಳು ಚೆನ್ನಾಗಿದ್ದವು. ಕಾಗದದ ಮೇಲೆ ರೇಷ್ಮೆ ಸೀರೆಯ ಮಡಿಕೆಗಳು ಕಾಣಿಸದಷ್ಟು ಕಪ್ಪಾಗಿದ್ದವು. ಪರದೆಯ ಪ್ರಕಾಶ ಎಷ್ಟಿದೆ ಎಂದು ಕೇಳಿದಾಗ ಅವನೇ ನೋಡಿ ಸುಮ್ಮನಾದ. ಅದು ಪೂರ್ತಿ ಮೇಲಿತ್ತು. ಪರದೆ ತಾನಾಗಿ ಬೆಳಗುತ್ತದೆ, ಕಾಗದ ಹೊರಗಿನ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಅತಿಯಾಗಿ ಬೆಳಗುವ ಪರದೆಯ ಮುಂದೆ ಕುಳಿತು ತಿದ್ದುವವನು ಚಿತ್ರ ಸಾಕಷ್ಟು ಬೆಳಕಾಗಿದೆ ಎಂದು ನಂಬಿ ಅದನ್ನು ಕಪ್ಪಾಗಿಯೇ ಲ್ಯಾಬಿಗೆ ಕಳುಹಿಸುತ್ತಾನೆ. ಅಚ್ಚಿಗೆ ಮೊದಲು ಎರಡು ಹಾಳೆ ಮಾದರಿ ತರಿಸಿದ್ದರೆ ಇದು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು, ಆದರೆ ಸೀಸನ್ನಿನ ಅವಸರದಲ್ಲಿ ತರಿಸಿರಲಿಲ್ಲ.

"ಆದರೂ ಸರ್, ಅವರು ಪಿಡಿಎಫ್ ನೋಡಿ ಓಕೆ ಅಂದಿದ್ರಲ್ಲ" ಎಂದು ಅವನು ಹೇಳಿದ. ಈ ವಾದವನ್ನು ನಾನು ಅನೇಕರಿಂದ ಕೇಳಿದ್ದೇನೆ, ಅದರಲ್ಲಿ ಅರ್ಧ ಸತ್ಯವಿದೆ. ಫೋನಿನಲ್ಲಿ ಪುಟ ನೋಡಿದವರು ಯಾವ ಚಿತ್ರ ಎಲ್ಲಿರಬೇಕು, ಹೆಸರಿನ ಅಕ್ಷರ ಸರಿಯಿದೆಯೇ ಎಂಬುದನ್ನು ಒಪ್ಪಬಲ್ಲರು. ಕಾಗದದ ಮೇಲೆ ಬಣ್ಣ ಹೇಗೆ ಕೂರುತ್ತದೆ ಎಂಬುದು ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ, ಕಾಣದ್ದನ್ನು ಅವರು ಒಪ್ಪಿದರು ಎನ್ನಲಾಗದು. ಒಂದು ಪುಟವನ್ನು ಎರಡು ಸಲ ಹಾಕಿದ್ದೀರಿ ಎಂದು ಅವರು ದೂರಿದ್ದರೆ ಆ ಒಪ್ಪಿಗೆಯನ್ನು ಧೈರ್ಯವಾಗಿ ತೋರಿಸಬಹುದಿತ್ತು. ಇಲ್ಲಿ ತಪ್ಪು ಅವನದೇ.

ವಿಡಿಯೋದ ಗೆರೆಗಳೂ ನಿಜವಾಗಿದ್ದವು, ಆದರೆ ಎರಡು ಗಂಟೆಯ ವಿಡಿಯೋದಲ್ಲಿ ಸುಮಾರು ನಾಲ್ಕು ನಿಮಿಷ ಮಾತ್ರ. ನಮ್ಮಲ್ಲಿ ಕರೆಂಟು 50 ಹರ್ಟ್ಜ್ ಆದ್ದರಿಂದ ಕಲ್ಯಾಣ ಮಂಟಪದ ಅನೇಕ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಷಟರ್ ವೇಗ, ಅಂದರೆ ಒಂದೊಂದು ಚಿತ್ರಕ್ಕೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು, ಸೆಕೆಂಡಿನ 1/50 ಅಥವಾ 1/100 ಇದ್ದರೆ ಆ ಮಿನುಗು ಸಾಮಾನ್ಯವಾಗಿ ಸೆರೆಯಾಗುವುದಿಲ್ಲ. ಇವನ ಸಹಾಯಕ 1/125ಕ್ಕೆ ಇಟ್ಟಿದ್ದರಿಂದ ಅಡ್ಡಪಟ್ಟಿಗಳು ಹರಿದಾಡಿದ್ದವು, ಅದೂ ಅಕ್ಕಿಕಾಳು ಬೀಳುವ ಗಳಿಗೆಯಲ್ಲಿ. ಅದೃಷ್ಟಕ್ಕೆ ಅದೇ ಗಳಿಗೆ ಇವನ ಕ್ಯಾಮೆರಾದಲ್ಲಿ ಸ್ವಚ್ಛವಾಗಿ ದಾಖಲಾಗಿತ್ತು. ಹೀಗಾಗಿ ಅದು ಮರುಸಂಕಲನದಿಂದ ಸರಿಹೋಗುವ ದೋಷ.

ಉಳಿದದ್ದು ಸುರಗಿ. ನಾಲ್ಕು ಮೂಲೆಗೆ ತಂಬಿಗೆಯಿಟ್ಟು ನೂಲು ಸುತ್ತಿ, ಮಧ್ಯೆ ಕೂರಿಸಿ ನೀರೆರೆಯುವ ಆ ಶಾಸ್ತ್ರ ನಸುಕಿನಲ್ಲಿ ಮನೆಯಲ್ಲಿ ನಡೆದಿತ್ತು. ಕೊಟೇಶನ್ನಿನಲ್ಲಿ ಅರಿಶಿಣ, ಮದುವೆ, ಆರತಕ್ಷತೆ ಎಂದಷ್ಟೇ ಇತ್ತು, ಮತ್ತು "ಮುಂಜಾನೆ 8ಕ್ಕ ಬಾ" ಎಂಬ ತಂದೆಯ ಮೆಸೇಜೂ ಇತ್ತು. ಇಲ್ಲಿ ಯುವಕನ ತಪ್ಪಿಲ್ಲ. ಆದರೆ ಅವನು ಆ ಮೆಸೇಜಿನ ಸ್ಕ್ರೀನ್‌ಶಾಟ್ ಅನ್ನು ಉತ್ತರದ ಮೊದಲ ಸಾಲಿಗೇ ಹಾಕಲು ಹೊರಟಿದ್ದ, ನಾನು ತಡೆದೆ. ಮೂರು ದೂರಿನಲ್ಲಿ ಎರಡು ಸರಿಯಿರುವಾಗ ತಪ್ಪಾದ ಒಂದನ್ನು ಮುಂದೆ ಹಿಡಿದರೆ ಉಳಿದೆರಡರ ಬಗ್ಗೆ ಹೇಳುವ ಸತ್ಯವೂ ಕಿವಿಗೆ ಬೀಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಹಣದ ಮಾತೆತ್ತುವ ಮೊದಲು ಅವರ ಮನೆಗೆ ಹೋಗಿ ಒಂದು ಪ್ರಶ್ನೆ ಕೇಳಿ ಬಾ ಎಂದೆ: "ಕಾಕಾ, ಆಲ್ಬಮ್ ತೆರೆದಾಗ ಮೊದಲು ಮನಸ್ಸಿಗೆ ನೋವಾದದ್ದು ಯಾವುದು?"

ತಂದೆ ಹೇಳಿದ್ದು ಇಷ್ಟು: "ನಮ್ಮವ್ವ ಎಲ್ಲೂ ಇಲ್ಲಪ್ಪಾ." ಮೊಣಕಾಲು ನೋವಿನ ಆ ಅಜ್ಜಿ ಕಲ್ಯಾಣ ಮಂಟಪದ ವೇದಿಕೆ ಹತ್ತಿರಲಿಲ್ಲ. ಮೊಮ್ಮಗಳ ತಲೆಗೆ ಅವರು ಕೈಯಿಟ್ಟದ್ದು ಸುರಗಿಯಲ್ಲಿ ಮಾತ್ರ. ಕಪ್ಪು ಬಣ್ಣ, ಗೆರೆ ಎಲ್ಲವೂ ನಿಜವಾದ ದೋಷಗಳೇ ಆಗಿದ್ದರೂ, 90,000ವನ್ನೂ ಮರಳಿ ಕೇಳುವಷ್ಟು ಸಿಟ್ಟು ಹುಟ್ಟಿದ್ದು ಅಲ್ಲಿ. ಯುವಕ ಸ್ಟುಡಿಯೋಗೆ ಮರಳಿ, ಆಯ್ಕೆಯಾಗದ ಸಾವಿರಾರು ಚಿತ್ರಗಳನ್ನು ರಾತ್ರಿಯಿಡೀ ತಿರುವಿದಾಗ, ಎರಡನೆಯ ಸಾಲಿನ ಕುರ್ಚಿಯಲ್ಲಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಅಜ್ಜಿ ಮೂರು ಚಿತ್ರಗಳಲ್ಲಿ ಸಿಕ್ಕರು.

ನಂತರ ಲೆಕ್ಕಕ್ಕೆ ಕುಳಿತೆವು. ಹಾಳಾದ ಮಿಕ್ಸರನ್ನು ಹಿಂದಿರುಗಿಸಿ ಹಣ ಪಡೆದ ಹಾಗೆ ಮದುವೆಯ ಫೋಟೋದಲ್ಲಿ ಆಗುವುದಿಲ್ಲ. ಪೂರ್ತಿ ಹಣ ಮರಳಿಸಿದರೂ ಚಿತ್ರಗಳು ಅವರ ಪೆನ್‌ಡ್ರೈವಿನಲ್ಲಿ ಉಳಿಯುತ್ತವೆ, ಮದುವೆ ಮತ್ತೊಮ್ಮೆ ನಡೆಯುವುದಿಲ್ಲ. ಆದ್ದರಿಂದ ಕೇಳಬೇಕಾದದ್ದು ಒಪ್ಪಿದ ಕೆಲಸದಲ್ಲಿ ಯಾವ ಭಾಗ ಸರಿಯಾಗಿ ತಲುಪಲಿಲ್ಲ, ಅದರ ಬೆಲೆ ಎಷ್ಟು ಎಂದು. ಇವನ ಕೊಟೇಶನ್ನಿನಲ್ಲಿ ಆಲ್ಬಮ್‌ಗೆ ಪ್ರತ್ಯೇಕವಾಗಿ 18,000 ಎಂದು ಬರೆದಿತ್ತು, ಅದು ಬಹಳ ಉಪಕಾರವಾಯಿತು. ಬಿಡಿಬಿಡಿಯಾಗಿ ಬೆಲೆ ಬರೆಯದವರಿಗೆ ಈ ಹಂತದಲ್ಲಿ ಹಿಡಿಯಲು ಏನೂ ಇರುವುದಿಲ್ಲ. ಆಲ್ಬಮ್ ಮತ್ತೆ ಅಚ್ಚು ಹಾಕಿಸಲು ಲ್ಯಾಬಿಗೆ ಅವನು ಕೊಡಬೇಕಾದದ್ದು 11,000.

ಭಾನುವಾರದ ಉತ್ತರವನ್ನು ಹೀಗೆ ಬರೆದೆವು: "ಕಾಕಾ, ಆಲ್ಬಮ್ ಕಪ್ಪಾಗಿರುವುದು ನಿಜ, ತಪ್ಪು ನನ್ನದು. ಎರಡು ದಾರಿ ಇವೆ. ಹೊಸ ಆಲ್ಬಮ್ ಅನ್ನು ನನ್ನ ಖರ್ಚಿನಲ್ಲಿ ಮಾಡಿಸಿ ಕೊಡ್ತೀನಿ, ಮೊದಲು ಮೂರು ಹಾಳೆ ಮಾದರಿ ತೋರಿಸಿ ನೀವು ಒಪ್ಪಿದ ಮೇಲೆ 20 ದಿನದಲ್ಲಿ. ಅದು ಬೇಡವಾದರೆ ಆಲ್ಬಮ್ ನನ್ನಲ್ಲೇ ಇರಲಿ, ಅದರ 18,000 ಹಿಂತಿರುಗಿಸ್ತೀನಿ. ವಿಡಿಯೋದ ನಾಲ್ಕು ನಿಮಿಷವನ್ನು ಬೇರೆ ಕ್ಯಾಮೆರಾದ ದೃಶ್ಯದಿಂದ ಸರಿಪಡಿಸಿ ವಾರದೊಳಗೆ ಕೊಡ್ತೀನಿ. ಸುರಗಿ ನಮ್ಮ ಮಾತಿನಲ್ಲಿ ಇರಲಿಲ್ಲ, ನಾನು ಬರುವ ಮೊದಲೇ ಮುಗಿದಿತ್ತು, ಆ ಚಿತ್ರ ನನ್ನಲ್ಲಿಲ್ಲ. ಅವ್ವನವರ ಮೂರು ಚಿತ್ರ ಸಿಕ್ಕಿವೆ, ಹೊಸ ಆಲ್ಬಮ್‌ನಲ್ಲಿ ಅವರಿಗೊಂದು ಪೂರ್ತಿ ಪುಟ ಇಡ್ತೀನಿ. ಉಳಿದ ಕೆಲಸ ಸರಿಯಾಗಿ ತಲುಪಿರುವುದರಿಂದ ಪೂರ್ತಿ ಹಣ ವಾಪಸ್ ಕೊಡಲು ಆಗುವುದಿಲ್ಲ."

ಕೊನೆಯ ವಾಕ್ಯವನ್ನು ತೆಗೆದುಬಿಡಲೇ ಎಂದು ಅವನು ಎರಡು ಸಲ ಕೇಳಿದ. ಬೇಡವೆಂದೆ. ಇಲ್ಲ ಎಂಬುದನ್ನು ಹೇಳದೆ ಬಿಟ್ಟರೆ ಗ್ರಾಹಕರು ಅದನ್ನು ಇನ್ನೂ ತೆರೆದಿರುವ ಬಾಗಿಲೆಂದು ತಿಳಿಯುತ್ತಾರೆ.

ಗ್ರಾಹಕರ ನ್ಯಾಯಾಲಯಕ್ಕೆ ಹೋದರೆ ಏನಾಗುತ್ತದೆ ಎಂಬ ಭಯ ಅವನಿಗೆ ಇದ್ದೇ ಇತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವರು ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಆಯೋಗವು ದೋಷ ಸರಿಪಡಿಸುವಂತೆಯೂ ಹೇಳಬಹುದು, ಹಣ ಮರಳಿಸುವಂತೆಯೂ ಹೇಳಬಹುದು, ಪರಿಹಾರವನ್ನೂ ಕೊಡಿಸಬಹುದು. ಅಂಥ ಸಂದರ್ಭದಲ್ಲಿ ದೂರು ಬಂದ ವಾರದಲ್ಲೇ ಕೊಟ್ಟ ಇಂಥ ಲಿಖಿತ ಉತ್ತರ ಅವನ ಪರವಾಗಿ ನಿಲ್ಲುತ್ತದೆ. ನೋಟಿಸ್ ಬಂದರೆ ಮಾತ್ರ ಉತ್ತರವನ್ನು ತಾನೇ ಬರೆಯದೆ ವಕೀಲರ ಬಳಿ ಹೋಗಬೇಕೆಂದು ತಿಳಿಸಿದೆ.

ತಂದೆ ಹೊಸ ಆಲ್ಬಮ್ ಒಪ್ಪಿದರು, ಜೊತೆಗೆ 10,000 ಕೇಳಿದರು. ಸುಮ್ಮನೆ ಚೌಕಾಸಿಗೆ ಇಳಿಯಬೇಡ, ಕೊಡುವ ಹಣಕ್ಕೆ ಒಂದು ಕಾರಣವಿರಲಿ ಎಂದೆ. ವಿಡಿಯೋದ ಮುಖ್ಯ ಗಳಿಗೆ ಕೆಟ್ಟದ್ದಕ್ಕೆಂದು 5,000 ಕೊಡಲು ಅವನು ಒಪ್ಪಿದ, ವ್ಯವಹಾರ ಇಲ್ಲಿಗೆ ಮುಗಿಯಿತೆಂದು ಇಬ್ಬರೂ ವಾಟ್ಸ್ಯಾಪ್‌ನಲ್ಲಿ ಬರೆದುಕೊಂಡರು. ಒಟ್ಟು 16,000 ಅವನ ಕೈಯಿಂದ ಹೋಯಿತು.

ಇದರ ನಡುವೆ ತಂದೆ ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಕಟುವಾಗಿ ಬರೆದಿದ್ದರು. ಅದನ್ನು ತೆಗೆದರೆ ಮಾತ್ರ 5,000 ಎಂದು ಷರತ್ತು ಹಾಕಲು ಯುವಕನ ಗೆಳೆಯರು ಸಲಹೆ ಕೊಟ್ಟಿದ್ದರು. ವಿಮರ್ಶೆ ತೆಗೆಸಲು ಹಣದ ಆಮಿಷ ಒಡ್ಡುವುದು ಗೂಗಲ್ಲಿನ ನಿಯಮಕ್ಕೆ ವಿರುದ್ಧ. ಅದಲ್ಲದೆ, ತಪ್ಪಿಗಾಗಿ ಕೊಟ್ಟ ಹಣ ಬಾಯಿ ಮುಚ್ಚಿಸಲು ಕೊಟ್ಟ ಹಣವಾಗಿಬಿಡುತ್ತದೆ. ಆಲ್ಬಮ್‌ನ ಅಚ್ಚು ಕಪ್ಪಾಗಿತ್ತು, ಹೊಸದನ್ನು ಮಾಡಿಕೊಟ್ಟಿದ್ದೇವೆ ಎಂದು ಅದರ ಕೆಳಗೆ ಎರಡು ಸಾಲು ಬರೆಯಲು ಹೇಳಿದೆ, ಅವನು ಹಾಗೆಯೇ ಬರೆದ. ಆ ಒಂದು ಸ್ಟಾರ್ ಇಂದಿಗೂ ಅಲ್ಲೇ ಇದೆ.

ಹಳೆಯ ಆಲ್ಬಮ್ ಅವನ ಕಪಾಟಿನಲ್ಲಿದೆ. ಹೊಸ ಮದುವೆಯ ಮಾತಿಗೆ ಬಂದವರಿಗೆ, ಆ ಮನೆಯವರ ಒಪ್ಪಿಗೆ ಇರುವ ಒಂದು ಪುಟವನ್ನೂ ಅದರ ಮರು ಅಚ್ಚನ್ನೂ ಪಕ್ಕಪಕ್ಕ ಇಟ್ಟು, ಮಾದರಿ ಹಾಳೆಗೆ ನಾಲ್ಕು ದಿನ ಹೆಚ್ಚು ಬೇಕಾಗುತ್ತದೆ ಎಂದು ತೋರಿಸುತ್ತಾನೆ. ಮನೆಯಲ್ಲಿ ವೇದಿಕೆ ಹತ್ತಲಾಗದ ಹಿರಿಯರು ಯಾರಿದ್ದಾರೆ, ನಸುಕಿನಲ್ಲಿ ಯಾವ ಶಾಸ್ತ್ರ ನಡೆಯುತ್ತದೆ ಎಂಬ ಎರಡು ಪ್ರಶ್ನೆಗಳು ಈಗ ಅವನ ಕೊಟೇಶನ್ನಿನಲ್ಲೇ ಅಚ್ಚಾಗಿವೆ.