ಟ್ರೇಗೆ ಮೂವತ್ತು ರೂಪಾಯಿ ಯಾಕೆ ಕೈಗೆ ಸಿಗ್ತಿಲ್ಲ?

"ಬೆಂಗಳೂರಲ್ಲಿ ಸಣ್ಣ ಮೊಟ್ಟೆ ಅಂಗಡಿ ಇದೆ. ಒಂದು ಸಲಕ್ಕೆ 10 ಟ್ರೇ, ಮೊಟ್ಟೆಗೆ 6 ರೂಪಾಯಿ, ಆಟೋಗೆ 90. ಬಿಡಿಯಾಗಿ 7ಕ್ಕೆ ಮಾರ್ತೀನಿ. ಹನ್ನೆರಡು ಮೊಟ್ಟೆ ಒಡೆದು ಹೋಗುತ್ತೆ. ಲಾಭದಲ್ಲಿ ಅರ್ಧ ಎಲ್ಲಿ ಹೋಗ್ತಿದೆ?"

ನೀವು ಅಸಲನ್ನು ತಂದ ಮೊಟ್ಟೆಗಳಿಗೆ ಹಂಚ್ತಾ ಇದೀರಿ. ಮಾರೋಕೆ ಬರುವ ಮೊಟ್ಟೆಗೆ ಮಾತ್ರ ಹಂಚಿ ನೋಡಿ.

ಟ್ರೇಗೆ 30ರಂತೆ 300 ಮೊಟ್ಟೆಗೆ 1800, ಆಟೋಗೆ 90, ಒಟ್ಟು 1890. ಒಂದೂ ಒಡೆಯದಿದ್ದರೆ ಮೊಟ್ಟೆಗೆ 6.30 ಬೀಳುತ್ತೆ, ಉಳಿಯೋದು 70 ಪೈಸೆ. ಅಂದರೆ ಟ್ರೇಗೆ 21 ರೂಪಾಯಿ. ಮೂವತ್ತರ ಲೆಕ್ಕ ಆಟೋ ಹತ್ತಿದಾಗಲೇ ಮುಗೀತು.

ಈಗ ಒಡೆದ ಹನ್ನೆರಡು. ಅದರಲ್ಲಿ ಎಂಟು ಬರೀ ಬಿರುಕು ಬಿಟ್ಟಿದ್ದು, ಎಗ್ ರೈಸ್ ಗಾಡಿಯವರಿಗೆ 4 ರೂಪಾಯಿಗೆ ಕೊಟ್ಟಿರಿ ಅಂದ್ಕೊಳ್ಳಿ, 32 ಬಂತು. ಸೋರಿದ ನಾಲ್ಕು ಕಸಕ್ಕೆ. 1890ರಲ್ಲಿ 32 ಕಳೆದು 288ಕ್ಕೆ ಭಾಗಿಸಿದರೆ ಒಳ್ಳೆ ಮೊಟ್ಟೆಯ ಅಸಲು ಸುಮಾರು 6.45. ಉಳಿದಿದ್ದು ಒಟ್ಟು 158, ಟ್ರೇಗೆ 15.80. ನೂರಕ್ಕೆ ನಾಲ್ಕು ಒಡೆದರೆ ಲಾಭದಲ್ಲಿ ಕಾಲು ಭಾಗ ಹೋಗುತ್ತೆ! ಯಾಕಂದ್ರೆ ಸೋರಿದ ಒಂದು ಮೊಟ್ಟೆ 6.30 ನುಂಗುತ್ತೆ, ಅದನ್ನು ತುಂಬೋಕೆ 70 ಪೈಸೆಯಂತೆ ಒಂಬತ್ತು ಮೊಟ್ಟೆ ಮಾರಬೇಕು. ಟ್ರೇಗೆ ಮೂರು ಕಸಕ್ಕೆ ಹೋದರೆ ಆ ಟ್ರೇ ನೀವು ಪುಕ್ಕಟೆ ಹೊತ್ತಂಗೆ.

ಒಡೆಯೋದು ಎಲ್ಲಿ ಅಂತ ಗೊತ್ತಾಗಬೇಕು. ನಾನೂ ರಸ್ತೆ ಗುಂಡಿಗಳನ್ನೇ ಬೈಕೊಂಡಿದ್ದೆ. ಆಮೇಲೆ ಹೋಲ್‌ಸೇಲ್ ಅಂಗಡಿ ಮುಂದೆಯೇ ಒಂದೊಂದು ಟ್ರೇ ಎತ್ತಿ ನೋಡಿ ಎಣಿಸಿದೆ, ಇಳಿಸಿದ ಮೇಲೆ ಮತ್ತೆ ಎಣಿಸಿದೆ. ಎರಡು ವಾರ ಬರೆದಿಟ್ಟಾಗ, ಅರ್ಧದಷ್ಟು ಅಲ್ಲಿಂದಲೇ ಒಡೆದು ಬರ್ತಿತ್ತು. ಅಲ್ಲೇ ತೋರಿಸಿದರೆ ಬದಲಾಯಿಸಿ ಕೊಡ್ತಾರೆ, ಮನೆಗೆ ತಂದ ಮೇಲೆ ಕೇಳಿದರೆ ಯಾರೂ ಕೊಡಲ್ಲ. ಉಳಿದಿದ್ದು ಹೆಚ್ಚಾಗಿ ಅಟ್ಟಿಯ ಕೆಳಗಿನ ಟ್ರೇಯಲ್ಲಿ. ರಟ್ಟಿನ ಟ್ರೇ ನೆಂದು ಮೆತ್ತಗಾಗಿದ್ದರೆ ಮೇಲಿನ ಭಾರ ನೇರ ಮೊಟ್ಟೆ ಮೇಲೆ ಬೀಳುತ್ತೆ. ಹಾಗಾಗಿ ಹಳೇ ಟ್ರೇ ಮೇಲಕ್ಕೆ, ಗಟ್ಟಿ ಟ್ರೇ ಕೆಳಗೆ. ಮೊಟ್ಟೆಯ ಚೂಪು ತುದಿ ಕೆಳಗಿರಲಿ. ಕೂದಲೆಳೆಯಂಥ ಬಿರುಕು ಕಣ್ಣಿಗೆ ಬೀಳಲ್ಲ, ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದರೆ ಗೆರೆ ಹೊಳೆಯುತ್ತೆ. ಅಂಥದ್ದನ್ನು ಅವತ್ತೇ ಚೆನ್ನಾಗಿ ಬೇಯಿಸಿ ಬಳಸುವವರಿಗೆ ಕೊಟ್ಟುಬಿಡಿ, ಮಾರನೇ ದಿನಕ್ಕೆ ಇಡಬೇಡಿ.

ಇನ್ನೊಂದು. ಪೂರ್ತಿ ಟ್ರೇ ಕೇಳೋರಿಗೆ 190ಕ್ಕೆ ಕೊಡ್ತಿದ್ರೆ ನಿಲ್ಲಿಸಿ. ಮೂವತ್ತೂ ಒಳ್ಳೆ ಮೊಟ್ಟೆ ಇರುವ ಟ್ರೇಯ ಅಸಲೇ 193.50. ನಾನಾಗಿದ್ದರೆ 200ಕ್ಕಿಂತ ಕೆಳಗೆ ಇಳೀತಿರಲಿಲ್ಲ. ಕೋಳಿ ಸಾಕುವವರ ಸಂಘ ಎನ್‌ಇಸಿಸಿ ನೂರು ಮೊಟ್ಟೆಗೆ ಹೇಳುವ ರೇಟು ಏರಿದ ದಿನ ಈ 200 ಕೂಡ ಹಳೇದು, ಮತ್ತೆ ಲೆಕ್ಕ ಹಾಕಿ.