ರಷ್ಯನ್ ಸಿನಿಮಾದ ಬೈಗುಳ: ಕನ್ನಡಕ್ಕೆ ಎಷ್ಟು ಇಳಿಸಬೇಕು?

ಪ್ರಶ್ನೆ: ನಮ್ಮೂರಿನ ಚಿತ್ರಸಮಾಜಕ್ಕಾಗಿ ಈಚಿನ ಒಂದು ರಷ್ಯನ್ ಸಿನಿಮಾಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಅದರಲ್ಲಿ ಮಾತಿಗೊಂದು ಬೈಗುಳ. ಇದ್ದ ಹಾಗೇ ಬರೆದರೆ ಹಿರಿಯರು ಎದ್ದು ಹೋಗುತ್ತಾರೆ. ಎಲ್ಲ ತೆಳು ಮಾಡಿದರೆ ಗ್ಯಾರೇಜಿನವನು ಮೇಷ್ಟ್ರ ಥರ ಮಾತಾಡುತ್ತಾನೆ. ಏನು ಮಾಡಲಿ? (ಓದುಗರು, ಶಿವಮೊಗ್ಗ)

ಉತ್ತರ: ಒಂದು ದಿನ ಅನುವಾದ ನಿಲ್ಲಿಸಿ. ಸಿನಿಮಾವನ್ನು ಪೂರ್ತಿ ನೋಡಿ, ಬೈಗುಳ ಬಂದಲ್ಲೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾರು ಯಾರಿಗೆ ಅಂದರು, ಆ ಪದ ಅಲ್ಲಿ ಏನು ಕೆಲಸ ಮಾಡಿತು, ಇಷ್ಟು ಸಾಕು. ಯಾರನ್ನೋ ಹೊಡೆಯುವುದಕ್ಕೆ ಬಂತಾ? ನೋವಿಗೋ ಸಿಟ್ಟಿಗೋ ಬಾಯಿಂದ ಹಾರಿ ಬಂತಾ? ಇಲ್ಲಾ ಮಾತಿನ ನಡುವೆ ಸುಮ್ನೆ ಬಿತ್ತಾ? ಈ ಹಾಳೆ ಇಲ್ಲದೆ ಪದಕ್ಕೆ ಪದ ಹುಡುಕಲು ಹೋದರೆ ದಾರಿ ತಪ್ಪುತ್ತದೆ.

ರಷ್ಯನ್ನರು ತಮ್ಮ ಅತಿ ಕೆಟ್ಟ ಬೈಗುಳಕ್ಕೆ ‘ಮಾತ್’ ಅನ್ನುತ್ತಾರೆ. ಅದರ ಬೇರು ಮುಖ್ಯವಾಗಿ ನಾಲ್ಕೇ. ಒಂದು ಗಂಡಿನ ಅಂಗ, ಒಂದು ಹೆಣ್ಣಿನ ಅಂಗ, ಒಂದು ಸಂಭೋಗ, ಇನ್ನೊಂದು ಸೂಳೆ ಎಂಬ ಅರ್ಥದ ‘ಬ್ಲ್ಯಾತ್’. ಈ ನಾಲ್ಕಕ್ಕೆ ಹಿಂದೆ ಮುಂದೆ ಬಾಲ ಅಂಟಿಸಿ ಬೆರಗು, ಸುಸ್ತು, ಮೋಸ, ಮೆಚ್ಚುಗೆ ಎಲ್ಲವನ್ನೂ ಹೇಳುತ್ತಾರೆ. ಹಾಗಾಗಿ ಪದದ ಅರ್ಥಕ್ಕೂ ಅದು ಅಲ್ಲಿ ಮಾಡುವ ಕೆಲಸಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ.

ಬೋಲ್ಟ್ ಬಿಚ್ಚಲು ಒದ್ದಾಡುವವನು ‘ಬ್ಲ್ಯಾತ್’ ಅಂದಾಗ ನೀವು ‘ಸೂಳೆ’ ಅಂತ ಬರೆದರೆ ಏನಾಗುತ್ತದೆ? ಪರದೆಯ ಮೇಲೆ ಇಲ್ಲದ ಹೆಂಗಸೊಬ್ಬಳು ನೋಡುವವರ ಮನಸ್ಸಿಗೆ ಬರುತ್ತಾಳೆ. ‘ಸುಕಾ’ ಅಂದರೆ ಹೆಣ್ಣುನಾಯಿ. ಆದರೆ ಅವನು ಅದನ್ನು ಬೋಲ್ಟಿಗೇ ಅಂದಿರುತ್ತಾನೆ. ಇಲ್ಲಿ ನಮ್ಮ ‘ಥೂ’, ‘ಥತ್’, ‘ಹಾಳಾದ್ದು’ ಸಾಕು.

ಇನ್ನೂ ಖಾರ ಬೇಕಾದರೆ ಕನ್ನಡದಲ್ಲೇ ಒಂದು ಒಳ್ಳೆ ದಾರಿಯಿದೆ. ರಷ್ಯನ್ನರ ತಾಯಿಬೈಗುಳದಲ್ಲಿ ಮೂರು ಪದ. ಮೊದಲಿನ ಕ್ರಿಯಾಪದವೇ ಕೆಟ್ಟದ್ದು. ಅದನ್ನು ನುಂಗಿಬಿಟ್ಟು ‘ನಿನ್ನ ತಾಯಿಯನ್ನ’ ಎಂಬ ಅರ್ಥದ ‘ತ್ವಯೂ ಮಾತ್’ ಅಷ್ಟೇ ಹೇಳಿದರೆ ಅರ್ಧ ಬೈದಂತೆ. (ಈ ‘ಮಾತ್’ ತಾಯಿ, ಮೇಲಿನದು ಬೈಗುಳ. ರಷ್ಯನ್ನಿನಲ್ಲಿ ಕೊನೆಯ ‘ತ್’ ಬೇರೆ ಬೇರೆ, ನಮ್ಮ ಲಿಪಿಯಲ್ಲಿ ಮಾತ್ರ ಒಂದೇ ಥರ ಕಾಣುತ್ತದೆ.) ನಾವು ‘ನಿನ್ನವ್ವನ’, ‘ಇದರಮ್ಮನ್’ ಅಂತ ಅರ್ಧಕ್ಕೇ ನಿಲ್ಲಿಸುವುದೂ ಹೀಗೇ ಅಲ್ವಾ? ಇನ್ನೂ ಇಳಿಸಬೇಕಾದಾಗ ನಾವು ತಾಯಿಯ ಜಾಗದಲ್ಲಿ ಅಜ್ಜಿಯನ್ನು ತಂದು ‘ಇವನಜ್ಜಿ’ ಅನ್ನುತ್ತೇವೆ. ರಷ್ಯನ್ನರು ‘ಬ್ಲ್ಯಾತ್’ ಎನ್ನಲು ಬಾಯಿ ತೆರೆದು ‘ಬ್ಲಿನ್’ ಅಂತ ಮುಗಿಸುತ್ತಾರೆ. ಬ್ಲಿನ್ ಅಂದರೆ ತೆಳು ದೋಸೆಯಂಥ ತಿಂಡಿ. ‘ಹ್ರೆನ್’ ಎಂಬ ಖಾರದ ಗಡ್ಡೆಯ ಹೆಸರು ಗಂಡಿನ ಅಂಗದ ಪದದ ಬದಲು ಬರುತ್ತದೆ. ಎರಡು ಭಾಷೆಯಲ್ಲೂ ಮೆಟ್ಟಿಲುಗಳಿವೆ. ನಿಮ್ಮ ಕೆಲಸ ಮೆಟ್ಟಿಲು ಹೊಂದಿಸುವುದು. ‘ಬ್ಲಿನ್’ ಅಂದವನಿಗೂ ‘ಬ್ಲ್ಯಾತ್’ ಅಂದವನಿಗೂ ಒಂದೇ ‘ಛೇ’ ಬರೆದರೆ ಇಬ್ಬರು ಬೇರೆ ಬೇರೆ ಮನುಷ್ಯರು ಒಬ್ಬರೇ ಆಗಿಬಿಡುತ್ತಾರೆ. ಇಳಿಸುವುದಾದರೆ ಎಲ್ಲವನ್ನೂ ಒಂದೊಂದು ಮೆಟ್ಟಿಲು ಇಳಿಸಿ, ನಡುವಿನ ಅಂತರ ಹಾಗೇ ಇರಲಿ.

ಒಂದು ದೃಶ್ಯ ಕಟ್ಟಿ ನೋಡೋಣ. ಸಣ್ಣ ಊರಿನ ಗ್ಯಾರೇಜ್. ಸೆರ್ಗೇಯ್ ಬೋಲ್ಟ್ ಬಿಚ್ಚುತ್ತಾ ‘ಬ್ಲ್ಯಾತ್, ಬರ್ತಿಲ್ಲ, ಸುಕಾ’ ಅನ್ನುತ್ತಾನೆ. ನಾನು ಬರೆಯುವುದು: ‘ಥೂ ಇದರಮ್ಮನ್, ಬರ್ತಾನೇ ಇಲ್ಲ.’ ಎರಡು ಬೈಗುಳ ಒಂದಾಯಿತು, ನಷ್ಟವೇನಿಲ್ಲ. ಸಬ್‌ಟೈಟಲ್‌ಗೆ ಇರುವುದು ಎರಡೇ ಸಾಲು, ಕೆಲವೇ ಸೆಕೆಂಡು. ಸುಮ್ನೆ ಬೀಳುವ ಬೈಗುಳದಲ್ಲಿ ಮೂರಕ್ಕೆ ಎರಡು ಬಿಟ್ಟರೂ ನಡೆಯುತ್ತದೆ, ಏಕೆಂದರೆ ನಟನ ದನಿ ಕೇಳುತ್ತಲೇ ಇರುತ್ತದೆ. ಅದೂ ಅಲ್ಲದೆ, ಕಿವಿಗೆ ಬಿದ್ದದ್ದಕ್ಕಿಂತ ಕಣ್ಣಿಗೆ ಬಿದ್ದ ಬೈಗುಳ ಜಾಸ್ತಿ ಚುಚ್ಚುತ್ತದೆ.

ಗೆಳೆಯ ಬಂದು ಗ್ಯಾರೇಜ್ ಮಾರಿಬಿಡು ಅನ್ನುತ್ತಾನೆ. ಸೆರ್ಗೇಯ್ ‘ಅಹುಯೆಲ್?’ ಅನ್ನುತ್ತಾನೆ. ಬೇರು ಗಂಡಿನ ಅಂಗ, ಅರ್ಥ ಮಾತ್ರ ನಿನಗೇನು ಹುಚ್ಚೇ ಅಂತ. ಗೆಳೆಯರ ನಡುವಿನ ಮಾತು, ದ್ವೇಷವಿಲ್ಲ. ‘ತಲೆ ಗಿಲೆ ಕೆಟ್ಟಿದೆಯೇನೋ ನಿಂಗೆ?’ ಇಲ್ಲಿ ಕೆಟ್ಟ ಪದವೇ ಬೇಡ, ಆ ‘ಏನೋ’ ಸಲಿಗೆಯನ್ನು ಹೇಳುತ್ತದೆ.

ಆಮೇಲೆ ನಗರಸಭೆಯ ಅಧಿಕಾರಿ ಬರುತ್ತಾನೆ. ಸೆರ್ಗೇಯ್ ‘ವಿ’, ಅಂದರೆ ನೀವು ಅನ್ನುತ್ತಲೇ ‘ಸ್ವೋಲಚ್’ ಅನ್ನುತ್ತಾನೆ. ನೀಚ ಎಂಬ ಅರ್ಥದ ಪದ, ಮಾತ್ ಅಲ್ಲ. ‘ಮನುಷ್ಯರೇನ್ರೀ ನೀವು?’ ಅಂತ ಬರೆಯುತ್ತೇನೆ. ಕೊನೆಗೆ ಅವನು ತಡೆಯಲಾರದೆ ‘ತಿ’ಗೆ, ಅಂದರೆ ನೀನು ಎನ್ನುವುದಕ್ಕೆ ಇಳಿದು, ನಾಲ್ಕು ಬೇರಿನಲ್ಲಿ ಒಂದನ್ನು ಹಿಡಿದು ಹೊರಗಟ್ಟುತ್ತಾನೆ. ನಿಮ್ಮ ಹಾಳೆಯಲ್ಲಿ ಇದು ಹೊಡೆಯುವ ಬೈಗುಳ, ಮೇಲಿನ ಮೆಟ್ಟಿಲು. ಇಲ್ಲಿ ನಾನು ಇಳಿಸುವುದಿಲ್ಲ: ‘ನಡಿಯೋ ಆಚೆ, ಬೋಳಿಮಗನೇ.’ ಇಡೀ ಸಿನಿಮಾದಲ್ಲಿ ಇಂಥ ಪದ ಒಂದೋ ಎರಡೋ ಕಡೆ ಮಾತ್ರ ಇಟ್ಟರೆ ನಿಮ್ಮ ಹಿರಿಯರೂ ಅದನ್ನು ಕಥೆಯ ಭಾಗವಾಗಿ ತೆಗೆದುಕೊಳ್ಳುತ್ತಾರೆ. ಅದಕ್ಕೂ ಮೊದಲು ಐವತ್ತು ಸಲ ಬಂದಿದ್ದರೆ ಇಲ್ಲಿ ಏಟೇ ಬೀಳುವುದಿಲ್ಲ.

ನೀವು ಹೋಗಿ ನೀನು ಆಗುವುದನ್ನು ತೋರಿಸುವುದು ಕನ್ನಡಕ್ಕೆ ಸಲೀಸು. ಇಂಗ್ಲಿಷ್ ಸಬ್‌ಟೈಟಲ್ ನೋಡಿಕೊಂಡು ಬರೆದರೆ ಅದು ಮೊದಲೇ ಕಳೆದುಹೋಗಿರುತ್ತದೆ. ನಾಲ್ಕು ಬೇರೂ ಒಂದೇ ಪದವಾಗಿ ಕೂತಿರುತ್ತವೆ. ದಯವಿಟ್ಟು ರಷ್ಯನ್ ಸಂಭಾಷಣೆಯನ್ನೇ ಮುಂದಿಟ್ಟುಕೊಳ್ಳಿ.

ನಮ್ಮ ಗಟ್ಟಿ ಬೈಗುಳಗಳಲ್ಲಿ ಒಂದು ತೊಂದರೆ ಇದೆ. ‘ಬೋಳಿ’, ‘ಮುಂಡೆ’ ಎರಡೂ ವಿಧವೆಯನ್ನು ಹಳಿಯುವ ಪದಗಳು. ರಷ್ಯನ್ನಿನಲ್ಲಿ ಆ ನೋವು ಇಲ್ಲ. ‘ಬೋಳಿಮಗ’ದಲ್ಲಿ ಈಗ ಬಹಳ ಜನರಿಗೆ ಮೂಲ ಅರ್ಥ ಕೇಳಿಸುವುದಿಲ್ಲ ಅಂತ ನಾನು ಬಳಸುತ್ತೇನೆ, ಆದರೆ ಕಥೆಯಲ್ಲಿ ವಿಧವೆಯ ಪಾತ್ರ ಇದ್ದರೆ ಬಳಸುವುದಿಲ್ಲ. ಜಾತಿಯ ಹೆಸರಿನ ಬೈಗುಳವನ್ನಂತೂ ಎಲ್ಲೂ ತರಬೇಡಿ. ಮೂಲದಲ್ಲಿಲ್ಲದ ಗಾಯವನ್ನು ನಮ್ಮವರಿಗೇ ಮಾಡಿದಂತಾಗುತ್ತದೆ.

ಕಾಲವನ್ನೂ ನೋಡಿ. ಸೋವಿಯತ್ ಕಾಲದ ಸಿನಿಮಾಗಳಲ್ಲಿ ಮಾತ್ ಇಲ್ಲವೆಂದೇ ಹೇಳಬಹುದು. ಅಲ್ಲಿ ‘ಸ್ವೋಲಚ್’ ಮೇಲಿನ ಮೆಟ್ಟಿಲೇ ಆಗಿರಬಹುದು. ‘ಕಜ್ಯೋಲ್’, ಅಂದರೆ ಹೋತ, ರಸ್ತೆಯಲ್ಲಿ ಚಾಲಕರು ಅಂದುಕೊಂಡರೆ ಮಧ್ಯಮ ಬೈಗುಳ. ಜೈಲು ಕಂಡವನಿಗೆ ಅಂದರೆ ರಕ್ತ ಹರಿಯುವಂಥ ಮಾತು. ಅಂಥ ದೃಶ್ಯದಲ್ಲಿ ‘ಮೇಕೆ’ ಅಂತ ಬರೆದರೆ ಜನ ನಗುತ್ತಾರೆ. ಸಿನಿಮಾ ನೋಡದ ಒಬ್ಬರನ್ನು ಕೂರಿಸಿ ತೋರಿಸಿ. ಗಂಭೀರ ಜಾಗದಲ್ಲಿ ಅವರು ನಕ್ಕರೆ ಆ ಸಾಲು ತಪ್ಪಿದೆ.

ನಿಮ್ಮ ಪ್ರತಿಯನ್ನೂ ಒಮ್ಮೆ ಪರೀಕ್ಷಿಸಿ. 2014ರ ಜುಲೈ 1ರಿಂದ ರಷ್ಯಾದಲ್ಲಿ ಮಾತ್ ಇರುವ ಸಿನಿಮಾಕ್ಕೆ ಪ್ರದರ್ಶನದ ಪ್ರಮಾಣಪತ್ರ ಕೊಡುವುದಿಲ್ಲ. ಆಂದ್ರೇಯ್ ಜ್ವ್ಯಾಗಿಂತ್ಸೆವ್ ಅವರ ‘ಲೆವಿಯಾಫಾನ್’ 2015ರಲ್ಲಿ ಅಲ್ಲಿನ ಚಿತ್ರಮಂದಿರಗಳಿಗೆ ಬಂದದ್ದೇ ಬೈಗುಳದ ದನಿ ಅಳಿಸಿಕೊಂಡು. ತುಟಿ ಅಲ್ಲಾಡಿ ದನಿ ಕಟ್ಟಾದರೆ ನಿಮ್ಮ ಕೈಲಿರುವುದೂ ಅಂಥ ಪ್ರತಿ. ಪೂರ್ತಿ ದನಿಯ ಪ್ರತಿ ಕೇಳಿ ನೋಡಿ. ಸಿಗದಿದ್ದರೆ ಚುಕ್ಕಿ, ನಕ್ಷತ್ರ ಹಾಕಬೇಡಿ, ಕಣ್ಣು ಅಲ್ಲೇ ನಿಂತು ಒಗಟು ಬಿಡಿಸತೊಡಗುತ್ತದೆ. ‘ನಿನ್ನಮ್ಮನ್’ ಅಂತ ಅರ್ಧಕ್ಕೇ ಬಿಡಿ.